ಸಹಾಯ ಬೇಕು: ರೀಚ್ ನೋಡೋದಾ, ಸೇವ್ ನೋಡೋದಾ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮದು ಚಿಕ್ಕ ಬೆಳ್ಳಿ ಅಂಗಡಿ. ಇನ್‌ಸ್ಟಾಗ್ರಾಂ ಪೇಜ್ ನಾನೇ ನೋಡಿಕೊಳ್ಳುತ್ತೇನೆ.

ಹೋದ ತಿಂಗಳು ಎರಡು ಪೋಸ್ಟ್ ಹಾಕಿದೆ. ಒಂದು ಜುಮ್ಕಿ ರೀಲ್. ರೀಚ್ 22,000, ಸೇವ್ 88, ವಾಟ್ಸಾಪ್ ಲಿಂಕ್ ಒತ್ತಿದವರು 31, ಕೊಂಡವರು ಒಬ್ಬರೇ. ಇನ್ನೊಂದು ಕಾಲ್ಗೆಜ್ಜೆಯ ಫೋಟೋ. ತೂಕ, ಮಜೂರಿ, ಒಟ್ಟು ಬೆಲೆ ಎಲ್ಲಾ ಬರೆದಿದ್ದೆ. ರೀಚ್ ಬರೀ 1,100, ಆದರೆ ಸೇವ್ 66, ಲಿಂಕ್ ಒತ್ತಿದವರು 27, ಐದು ಜೊತೆ ಮಾರಾಟವಾಯಿತು.

ಲೆಕ್ಕ ಹಾಕಿದೆ. ಫೋಟೋ ನೋಡಿದ ನೂರು ಜನರಲ್ಲಿ ಆರು ಸೇವ್. ರೀಲ್‌ನಲ್ಲಿ ಸಾವಿರಕ್ಕೆ ನಾಲ್ಕು. ರೀಲ್ ನೋಡಿದವರಲ್ಲಿ ಹೆಚ್ಚಿನವರು ನಮ್ಮ ಫಾಲೋವರ್ಸ್ ಅಲ್ಲ. ಮೆಸೇಜ್ ಮಾಡಿದವರೂ ಜಾಸ್ತಿ ದೂರದ ಊರಿನವರು, ಬೆಲೆ ಕೇಳಿ ಸುಮ್ಮನಾದರು. ಹಾಗಾಗಿ ಫೋಟೋನೇ ಗೆದ್ದಿತು ಅನ್ನಿಸುತ್ತದೆ, ಅಲ್ವಾ?

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಮೊನ್ನೆ ಒಬ್ಬ ಅಕ್ಕ ಅಂಗಡಿಗೆ ಬಂದು, ಮೊಬೈಲ್‌ನಲ್ಲಿ ಅದೇ ಜುಮ್ಕಿಯ ಸ್ಕ್ರೀನ್‌ಶಾಟ್ ತೋರಿಸಿ ಕೊಂಡುಕೊಂಡರು. ರೀಲ್ ಹಾಕಿ ಮೂರು ವಾರ ಆಗಿತ್ತು. ಸ್ಕ್ರೀನ್‌ಶಾಟ್ ಸೇವ್‌ನಲ್ಲಿ ಬರಲ್ಲ, ಈ ಮಾರಾಟ ಕ್ಲಿಕ್‌ನಲ್ಲೂ ಬರಲ್ಲ. ಇಂಥವರು ಇನ್ನೆಷ್ಟು ಜನ ಬಂದಿದ್ದರೋ. ಅವತ್ತಿನಿಂದ ಬಿಲ್ ಪುಸ್ತಕದಲ್ಲಿ "ಎಲ್ಲಿ ನೋಡಿದಿರಿ?" ಅಂತ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಗಿರಾಕಿ ಜಾಸ್ತಿ ಇದ್ದಾಗ ಅಪ್ಪ ಮರೆತುಬಿಡುತ್ತಾರೆ.

ಮುಂದಿನ ವಾರ 2,000 ರೂಪಾಯಿ ಬೂಸ್ಟ್‌ಗೆ ಹಾಕಬೇಕು. ಅಂಗಡಿ ನಡೆಸುವವರು ಹೇಳಿ: ಪೋಸ್ಟ್ ಹಾಕಿ ಎಷ್ಟು ದಿನದವರೆಗಿನ ಮಾರಾಟವನ್ನು ಅದರ ಲೆಕ್ಕಕ್ಕೆ ಸೇರಿಸುತ್ತೀರಿ? ನೇರವಾಗಿ ಅಂಗಡಿಗೆ ಬರುವವರು ಯಾವ ಪೋಸ್ಟ್ ನೋಡಿ ಬಂದರು ಅಂತ ಹೇಗೆ ಗುರುತಿಸುತ್ತೀರಿ?