ಸಹಾಯ ಬೇಕು: ಡ್ರೈಫ್ರೂಟ್ಸ್ ಗಿಫ್ಟ್ ಬಾಕ್ಸ್‌ನ ಕಿಟಕಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆಯಿಂದಲೇ ದೀಪಾವಳಿ ಬಾಕ್ಸ್ ಮಾಡಿ ಕೊಡ್ತೇನೆ. ಹೋದ ವರ್ಷ ಮುಚ್ಚಳದ ತುಂಬಾ ಪಾರದರ್ಶಕ ಕಿಟಕಿ ಇಟ್ಟಿದ್ದೆ. ಒಳಗೆ ನಾಲ್ಕು ಖಾನೆ, ತಲಾ 100 ಗ್ರಾಂ ಬಾದಾಮಿ, ಗೋಡಂಬಿ, ಪಿಸ್ತಾ, ಅಂಜೂರ, ಎಲ್ಲ ಬಿಡಿಯಾಗಿಯೇ. ನೋಡೋಕೆ ಚೆನ್ನಾಗಿತ್ತು. ಆದ್ರೆ ಗಾಡಿಯಲ್ಲಿ ಕುಲುಕಿ ಎಲ್ಲ ಕೆಳಗೆ ಕೂತು, ಕಿಟಕಿಯಲ್ಲಿ ಖಾಲಿ ಜಾಗವೇ ಕಂಡಿತು. ಜೊತೆಗೆ ಅಂಜೂರದ ತೇವ ಎಳೆದುಕೊಂಡು ಗೋಡಂಬಿ ಮೆತ್ತಗಾಯಿತು. ಕಚ್ಚಿದರೆ ಕಟ್ ಅನ್ನೋ ಸದ್ದೇ ಇಲ್ಲ!

ಈ ಸಲ ಒಂದೊಂದನ್ನೂ ಬೇರೆ ಪೌಚ್‌ನಲ್ಲಿ ಸೀಲ್ ಮಾಡಿ ನೋಡಿದೆ. ಗರಿಗರಿ ಉಳಿಯಿತು, ಆದ್ರೆ ಕಿಟಕಿಯ ಹಿಂದೆ ಪೌಚ್‌ನ ಸುಕ್ಕು ಕಾಣುತ್ತೆ, ಸಪ್ಪೆ ಅನ್ಸುತ್ತೆ. ಅಂಜೂರಕ್ಕೆ ಮಾತ್ರ ಪೌಚ್ ಹಾಕಿ, ಕಿಟಕಿಯನ್ನು ಬಾದಾಮಿ, ಪಿಸ್ತಾ ಮೇಲಷ್ಟೇ ಚಿಕ್ಕದಾಗಿ ಕತ್ತರಿಸಿದರೆ ಹೇಗೆ? ಟ್ರೇ ಮೇಲೇ ಫಿಲ್ಮ್ ಸೀಲ್ ಮಾಡಿಸಿದವರು ಯಾರಾದ್ರೂ ಇದ್ದೀರಾ?

ಕಾರ್ಡ್‌ನಲ್ಲಿ ಶುಭಾಶಯ ಮಾತ್ರ ಇರುತ್ತೆ. ತೂಕ, ಪ್ಯಾಕ್ ಮಾಡಿದ ದಿನ, ಲೈಸೆನ್ಸ್ ನಂಬರ್ ಬಾಕ್ಸ್ ತಳದ ಲೇಬಲ್‌ನಲ್ಲಿ. ಮುಚ್ಚಳದೊಳಗೆ ಇಟ್ಟರೆ ಕಾರ್ಡ್ ಕಿಟಕಿಯನ್ನೇ ಮುಚ್ಚುತ್ತೆ. ಹೊರಗೆ ರಿಬ್ಬನ್‌ಗೆ ಸಿಕ್ಕಿಸೋದೇ ವಾಸಿ ಅಲ್ವಾ?

ಬೆಲೆ 499, 799, 1,299. ಮೂರಕ್ಕೂ ಒಂದೇ ಬಾಕ್ಸ್, ಟ್ರೇ ಮಾತ್ರ ಬೇರೆ. 799ರದ್ದಕ್ಕೆ ಸಾಮಾನು 370, ಬಾಕ್ಸ್ 85, ಪೌಚ್ ಮತ್ತು ಕಾರ್ಡ್ 25, ಅಂಗಡಿಯವರ ಪಾಲು 160. ನನಗೆ 159 ಉಳಿಯುತ್ತೆ. 499ರಲ್ಲಿ 200 ಗ್ರಾಂ ಅಷ್ಟೇ, ಆದ್ರೂ ಬಾಕ್ಸ್‌ಗೆ ಅದೇ 85! ಅದಕ್ಕೆ ಚಿಕ್ಕ ಬಾಕ್ಸ್ ಬೇರೆ ಮಾಡಿಸಬೇಕಾ? 100 ಬಾಕ್ಸ್ ಮಾತ್ರ ಮಾಡಿಕೊಡೋ ಪ್ರಿಂಟರ್ ಗೊತ್ತಿದ್ರೆ ತಿಳಿಸಿ.