ಮೂವತ್ತು ದಿನದ ಸಾಲ ತೊಂಬತ್ತು ದಿನವಾಗುವ ಮೊದಲು

ಪ್ರಶ್ನೆ: ತುಮಕೂರಿನಲ್ಲಿ ನಮ್ಮದು ನಾಲ್ಕು ಲೇತ್‌ಗಳ ಸಣ್ಣ ವರ್ಕ್‌ಶಾಪ್. ತಿಂಗಳಿಗೆ 2 ಲಕ್ಷ ರೂಪಾಯಿಯ ಬಿಡಿಭಾಗ ಕೊಳ್ಳುವ ಹಳೆಯ ಗ್ರಾಹಕರು ಹಣ ಕೊಡಲು 30 ದಿನದ ಬದಲು 90 ದಿನ ಕೇಳಿದ್ದಾರೆ. ಸಂಬಂಧ ಕೆಡದಂತೆ ಏನೆಂದು ಬರೆಯಲಿ?

ಪೀಣ್ಯದ ವರ್ಕ್‌ಶಾಪ್ ಮಾಲೀಕರು: ಮೊದಲು ಲೆಕ್ಕ ಹಾಕಿಕೊಳ್ಳಿ. ಶೇ. 18 ಜಿಎಸ್‌ಟಿ ಸೇರಿದರೆ ನಿಮ್ಮ ಬಿಲ್ 2,36,000 ರೂಪಾಯಿ. ಎರಡು ತಿಂಗಳು ಹೆಚ್ಚು ಕಾಯುವುದೆಂದರೆ ಇನ್ನೂ 4,72,000 ರೂಪಾಯಿ ಅವರ ಬಳಿಯೇ ನಿಲ್ಲುತ್ತದೆ. ನಿಮ್ಮ ಓವರ್‌ಡ್ರಾಫ್ಟ್ ಬಡ್ಡಿ ವರ್ಷಕ್ಕೆ ಶೇ. 12 ಇದ್ದರೆ ತಿಂಗಳಿಗೆ 4,720 ರೂಪಾಯಿ ನಿಮ್ಮ ಕೈಯಿಂದ ಹೋಗುತ್ತದೆ. ಹಣ ಬಾರದಿದ್ದರೂ, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದು ಉಳಿದ ಜಿಎಸ್‌ಟಿಯನ್ನು ಮುಂದಿನ ತಿಂಗಳೇ ಕಟ್ಟಬೇಕು. ನಾನು ಇಂಥ ಸಂದರ್ಭದಲ್ಲಿ ಹೀಗೆ ಬರೆದಿದ್ದೆ:

"ತಮ್ಮ ಪತ್ರ ತಲುಪಿತು. ಉಕ್ಕಿನ ವ್ಯಾಪಾರಿಗೆ ನಾವು ಮುಂಗಡವಾಗಿಯೇ ಹಣ ಕೊಡಬೇಕಾಗಿರುವುದರಿಂದ 90 ದಿನಗಳ ಅವಧಿಯನ್ನು ಒಪ್ಪಿಕೊಳ್ಳುವುದು ನಮಗೆ ಕಷ್ಟವಾಗುತ್ತದೆ. ಆರ್ಡರ್ ಜೊತೆಗೆ ಶೇ. 30 ಮುಂಗಡ ದಯಪಾಲಿಸಿದಲ್ಲಿ, ಉಳಿದ ಮೊತ್ತಕ್ಕೆ ಸರಕು ಸ್ವೀಕರಿಸಿದ ದಿನದಿಂದ 45 ದಿನಗಳ ಅವಕಾಶ ನೀಡಲು ಸಿದ್ಧರಿದ್ದೇವೆ. ಪ್ರೊಫಾರ್ಮಾ ಇನ್‌ವಾಯ್ಸ್ ಲಗತ್ತಿಸಿದೆ."

ಆ ಇನ್‌ವಾಯ್ಸ್ ಇಲ್ಲದಿದ್ದರೆ ಅವರ ಲೆಕ್ಕ ವಿಭಾಗದಲ್ಲಿ ಮುಂಗಡದ ಕಡತವೇ ಮುಂದೆ ಸಾಗುವುದಿಲ್ಲ.

ಹುಬ್ಬಳ್ಳಿಯ ಸದಸ್ಯರು: ಇಷ್ಟು ವಿನಯ ಯಾಕೆ ಬೇಕು? ಉದ್ಯಮ್ ನೋಂದಣಿ ಇದ್ದರೆ ಕಾನೂನೇ 45 ದಿನ ಕೊಟ್ಟಿದೆ, ಅದನ್ನೇ ಬರೆದು ಕಳಿಸಿ.

ಲೆಕ್ಕಪತ್ರ ನೋಡುವವರು: ಅರ್ಧ ಸರಿ. 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ 45 ದಿನ ಎನ್ನುವುದು ಲಿಖಿತ ಒಪ್ಪಂದವಿದ್ದಾಗಿನ ಗರಿಷ್ಠ ಮಿತಿ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಈ ದಿನಗಳನ್ನು ಎಣಿಸುವುದು ಸರಕು ಸ್ವೀಕರಿಸಿದ ದಿನದಿಂದ, ಬಿಲ್ ದಿನಾಂಕದಿಂದಲ್ಲ. ನೀವು 90 ದಿನಕ್ಕೆ ಸಹಿ ಹಾಕಿದರೂ 45ರ ನಂತರ ಬಡ್ಡಿಯ ಹಕ್ಕು ಉಳಿಯುತ್ತದೆ, ಆದರೆ ಹಳೆಯ ಗ್ರಾಹಕರ ಮೇಲೆ ಅದನ್ನು ಚಲಾಯಿಸುವವರು ಅಪರೂಪ. ಬೆದರಿಕೆಗಿಂತ ಕೆಲಸ ಮಾಡುವ ಸಾಲು ಬೇರೆಯಿದೆ: ಸೂಕ್ಷ್ಮ ಮತ್ತು ಸಣ್ಣ ತಯಾರಕರ ಬಾಕಿ ಅವಧಿ ಮೀರಿ ಮಾರ್ಚ್ ಅಂತ್ಯಕ್ಕೂ ಉಳಿದರೆ, ಕೊಳ್ಳುವವರು ಅದನ್ನು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ಕಳೆಯಲಾಗದು. "ತಮ್ಮ ಲೆಕ್ಕ ಪರಿಶೋಧಕರೊಂದಿಗೆ ಒಮ್ಮೆ ವಿಚಾರಿಸಿ" ಎಂದಷ್ಟೇ ಬರೆದರೆ ಸಾಕು.

ಲೋಗೋ ವಿನ್ಯಾಸ ಮಾಡುವವರು: ನಾನು ಅರ್ಧ ಹಣ ಬರದೆ ಕಂಪ್ಯೂಟರ್ ಮುಟ್ಟುವುದೇ ಇಲ್ಲ, ನೀವೂ ಹಾಗೇ ಮಾಡಿ. ಮುಂಗಡಕ್ಕೂ ಜಿಎಸ್‌ಟಿ ಕಟ್ಟಬೇಕು, ಮರೆಯಬೇಡಿ.

ಲೆಕ್ಕಪತ್ರ ನೋಡುವವರು: ಅದು ನಿಮ್ಮಂಥ ಸೇವೆಗಳಿಗೆ. ಸರಕಿನ ಮುಂಗಡಕ್ಕೆ 2017ರ ನವೆಂಬರ್‌ನಿಂದ ಆ ಹೊರೆ ಇಲ್ಲ. ಬಿಲ್ ಮಾಡಿದಾಗ ಕಟ್ಟಿದರಾಯಿತು. ಆದರೆ ಕಚ್ಚಾ ಉಕ್ಕು ಅವರದೇ ಆಗಿದ್ದು ನಿಮ್ಮದು ಬರೀ ಜಾಬ್‌ವರ್ಕ್ ಆದರೆ, ಅದೂ ಸೇವೆಯೇ.

ಪ್ರಶ್ನೆ ಕೇಳಿದವರು: ಉಕ್ಕು ನಮ್ಮದೇ. ಮುಂಗಡ ಶೇ. 30 ಎಂದರೆ ಅವರು ಬೇರೆ ವರ್ಕ್‌ಶಾಪ್ ನೋಡಿಕೊಂಡಾರು ಎಂಬ ಅಳುಕಿದೆ. ಶೇ. 20ಕ್ಕೆ ಇಳಿಸಿ ಬರೆಯಲೇ?

ಪೀಣ್ಯದ ವರ್ಕ್‌ಶಾಪ್ ಮಾಲೀಕರು: ಪತ್ರದಲ್ಲಿ 30 ಇರಲಿ, ಫೋನಿನಲ್ಲಿ 20ಕ್ಕೆ ಇಳಿಯಿರಿ. ನನ್ನ ಗ್ರಾಹಕರು 25ಕ್ಕೆ ಒಪ್ಪಿದರು; ಇನ್ನೊಬ್ಬರು ಉತ್ತರವನ್ನೇ ಕೊಡದೆ 60ನೇ ದಿನ ಹಣ ಕಳಿಸಿದರು.