ರಿಜಿಸ್ಟರ್‌ನಾಗ ‘ಬಲಕ್ಕ ಸರಿಸು’ ಅಂದ್ರ ಯಾರ ಬಲಕ್ಕ?

ಬೆಳಗಾವಿಯಿಂದ:
ನಮಸ್ಕಾರ್ರೀ. ಡಿಪ್ಲೊಮಾ ಹುಡುಗ್ರಿಗೆ ಕನ್ನಡದಾಗ ನೋಟ್ಸ್ ಬರ್ಯಾಕತ್ತೀನಿ. ಯೂನಿವರ್ಸಲ್ ಶಿಫ್ಟ್ ರಿಜಿಸ್ಟರಿಗೆ ಹೋಲ್ಡ್ ಅಂದ್ರ ‘ತಡಿ’, ಶಿಫ್ಟ್ ‘ಎಡಕ್ಕ ಸರಿಸು’, ‘ಬಲಕ್ಕ ಸರಿಸು’, ಪ್ಯಾರಲಲ್ ಲೋಡ್ ‘ಒಮ್ಮೆಲೇ ತುಂಬು’ ಅಂತ ಹಾಕೀನಿ. ಆದ್ರ 74194 ಡೇಟಾಶೀಟ್‌ನಾಗ ರೈಟ್ ಅಂದ್ರ QA ಇಂದ QD ಕಡೆ ಹೋಗೋದು, QA ನ ಒಂದರ ಸ್ಥಾನ ಅಂತ ಹಿಡಿದ್ರ ಬಲಕ್ಕ ಸರಿಸಿದಾಗ ಸಂಖ್ಯೆ ದುಪ್ಪಟ್ಟು ಆಗ್ತದ, ಸಿ ಕಲ್ತ ಹುಡುಗ್ರು `>>` ಅಂದ್ರ ಅರ್ಧ ಅಲ್ಲೇನ್ರಿ ಸರ್ ಅಂತ ಕೇಳ್ತಾರ. ಪದ ಬದ್ಲಿಸ್ಲೇನು?

ವಿಜಯಪುರದಿಂದ:
ಎಡ ಅಂದ್ರ ಯಾವಾಗ್ಲೂ ದುಪ್ಪಟ್ಟು, ಬಲ ಅಂದ್ರ ಯಾವಾಗ್ಲೂ ಅರ್ಧ. ಡೇಟಾಶೀಟ್‌ನವ್ರೇ ಉಲ್ಟಾ ಬರ್ದಾರ, ನೀವು ತಿದ್ದಿ ಹಾಕ್ರಿ.

ಬಾಗಲಕೋಟೆಯಿಂದ:
ತಿದ್ದಬ್ಯಾಡ್ರೀ. ಸಿ ಒಳಗ ಆ ಮಾತು ಸರಿ, ಚಿಪ್ಪಿಗೆ ಯಾವ ಕಾಲಿನ ಬೆಲೆ ಎಷ್ಟಂತ ಗೊತ್ತೇ ಇಲ್ಲ. ಮಲ್ಟಿಪ್ಲೆಕ್ಸರ್ ನೋಡ್ರಿ, ಒಂದೊಂದು ಫ್ಲಿಪ್‌ಫ್ಲಾಪಿನ ಮುಂದ ನಾಲ್ಕು ದಾರಿಯ ಒಂದೊಂದು ಐತಿ. QB ದನ್ನಷ್ಟ ತಗೋರಿ: ಮೋಡ್ ಆರಿಸೋ ಕಾಲು S1S0 `00` ಇದ್ರ ತನ್ನ QB ನೇ ತಿರುಗಿ ಒಳಗ ಬರ್ತದ, `01` ಇದ್ರ QA, `10` ಇದ್ರ QC, `11` ಇದ್ರ ಹೊರಗಿನ B ಕಾಲು. ಅಂದ್ರ ‘ಬಲಕ್ಕ’ ಅನ್ನೋದು QA ಕಡಿಂದ ತಗೊಳ್ಳೋದು, ಅಷ್ಟ. ಈಗ QA ಇಂದ QD ತನಕ 1011 ಐತಿ, ಬಲದ ಸೀರಿಯಲ್ ಇನ್‌ಪುಟ್ 0, ಒಂದು ಕ್ಲಾಕ್ ಕೊಟ್ರ 0101. QA ದೊಡ್ಡ ಸ್ಥಾನ ಅಂದ್ರ 11 ಹೋಗಿ 5, ಅರ್ಧ. QA ಒಂದರ ಸ್ಥಾನ ಅಂದ್ರ 13 ಹೋಗಿ 10, ಅಂದ್ರ 26 ರಾಗ ಮ್ಯಾಲಿನ 16 ಬಿದ್ದು ಹೋಗೇತಿ. ವೈರಿಂಗ್ ಒಂದೇ, ಓದೋದು ಬ್ಯಾರೆ. ನೋಟ್ಸ್‌ನಾಗ ‘QD ಕಡೆ ಸರಿಸು’ ಅಂತ ಬರೀರಿ, ಜಗಳನೇ ಇಲ್ಲ.
‘ತಡಿ’ ಮಾತ್ರ ನಂಗ ಸರಿ ಅನ್ಸಲಿಲ್ಲ. ಈ ಮಲ್ಟಿಪ್ಲೆಕ್ಸರ್ ಜೋಡಣೆಯಾಗ ಕ್ಲಾಕ್ ಬಡ್ಕೋತನೇ ಇರ್ತದ, ಇದ್ದದ್ದನ್ನೇ ಮತ್ತ ಮತ್ತ ತುಂಬ್ಕೋತದ.

ಜಮಖಂಡಿಯಿಂದ:
ನಂದೊಂದು ಕೇಳ್ರಿ. ಎಲ್‌ಇಡಿ ಬೋರ್ಡ್ ರಿಪೇರಿ ಮಾಡ್ತೀನಿ, ಒಂದು ಬೋರ್ಡಿನಾಗ ಸಾಲು ಉಲ್ಟಾ ಓಡಾಕತ್ತಿತ್ತು, ಲೋಡ್ ಸರಿ, ಹೋಲ್ಡ್ ಸರಿ, ಚಿಪ್ಪೇ ಹೋಗೇತಿ ಅಂತ ಬದ್ಲಿಸಿದ್ರೂ ಹಂಗೇ.

ಬಾಗಲಕೋಟೆಯಿಂದ:
S1, S0 ವಾಯರ್ ಅದ್ಲು ಬದ್ಲು ಆಗಿರ್ಬೇಕ್ರೀ. 00, 11 ಎರಡೂ ತಿರುವಿದ್ರೂ ಅವೇ, ಅದಕ್ಕ ಅವೆರಡು ಸರಿ ಕಾಣ್ತಾವ, 01, 10 ಅಷ್ಟ ಕೆಡ್ತಾವ. ಎಲ್ಲಾ 0 ಮಾಡಿ, ಸೀರಿಯಲ್ ಇನ್‌ಪುಟ್ ಎರಡಕ್ಕೂ 1 ಕೊಟ್ಟು, 01 ಇಟ್ಟು ಒಂದು ಕ್ಲಾಕ್ ಕೊಡ್ರಿ. QA ಹತ್ತಬೇಕು, QD ಹತ್ತಿದ್ರ ಅದೇ ತಪ್ಪು.

ಬೆಳಗಾವಿಯಿಂದ:
‘QD ಕಡೆ’ ಒಪ್ಪಿದೆ. ಆದ್ರ ಹಳೆ 74194 ರಾಗ ಎರಡೂ ಮೋಡ್ 0 ಇದ್ರ ಕ್ಲಾಕನ್ನೇ ಒಳಗ ತಡಿತಿದ್ರು, ಕ್ಲಾಕ್ ಹೈ ಇದ್ದಾಗಷ್ಟ ಮೋಡ್ ಬದ್ಲಿಸ್ಬೇಕು ಅಂತ ಡೇಟಾಶೀಟ್‌ನಾಗನೇ ಐತಿ. ಅಲ್ಲಿ ‘ತಡಿ’ ನಡೀತದಲ್ರೀ?

ವಿಜಯಪುರದಿಂದ:
ಎರಡಕ್ಕೂ ‘ಇದ್ದಂಗ ಇರು’ ಹಾಕ್ರಿ. ಎಡ-ಬಲ ನಾ ಇನ್ನೂ ಒಪ್ಪಿಲ್ಲ.